ಬಾಡಿಗೆ ಮನೆ ಬಿಡಿಸುವುದು ಹೇಗೆ? ನೀರು ನಿಲ್ಲಿಸಿದರೆ, ಬೀಗ ಹಾಕಿದರೆ ಏನಾಗುತ್ತದೆ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಕಳೆದ ಸಭೆಯಲ್ಲಿ ನಾವು ಒಂದು ಪ್ರಶ್ನೆ ಕೇಳಿದ್ದೆವು. ಇಲ್ಲಿ ಕೂತಿರುವವರಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಎಷ್ಟು ಜನ, ಮನೆ ಬಾಡಿಗೆಗೆ ಕೊಟ್ಟವರು ಎಷ್ಟು ಜನ ಎಂದು. ಮೊದಲನೆಯ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಕೈ ಮೇಲೆ ಬಂದವು. ಎರಡನೆಯದಕ್ಕೆ ಕೈ ಎತ್ತಲು ಕೆಲವರಿಗೆ ಸಂಕೋಚ. ಸಂಘದ ಸಾಲ ತಗೊಂಡು ಮನೆ ಹಿಂದೆ ಎರಡು ಕೋಣೆ ಕಟ್ಟಿಸಿ, ಒಂದನ್ನು ಬಾಡಿಗೆಗೆ ಕೊಟ್ಟು, ಆ ದುಡ್ಡಿನಲ್ಲಿ ಕಂತು ಕಟ್ಟುವ ಅಕ್ಕಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಆದರೆ ಇವತ್ತಿನ ಮಾತು ಎರಡೂ ಕಡೆಯವರಿಗೆ ಬೇಕಾದದ್ದು. ನಮ್ಮ ಸಂಘಗಳಲ್ಲೇ ನಡೆದ ಒಂದು ಘಟನೆಯಲ್ಲಿ ಮನೆಯ ಯಜಮಾನಿಯೂ ಸದಸ್ಯೆ, ಬಾಡಿಗೆಯವಳೂ ಸದಸ್ಯೆ. ಇಬ್ಬರ ಹೆಸರನ್ನೂ ನಾವು ಹೇಳುವುದಿಲ್ಲ. ಒಬ್ಬರನ್ನು ಅಕ್ಕ ಎನ್ನೋಣ, ಇನ್ನೊಬ್ಬರನ್ನು ತಂಗಿ ಎನ್ನೋಣ. ಇಬ್ಬರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಅಕ್ಕ ವಿಧವೆ. ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿ ತಂಗಿಯ ಕುಟುಂಬಕ್ಕೆ ಕೊಟ್ಟಿದ್ದರು. ತಿಂಗಳಿಗೆ ₹4,500 ಬಾಡಿಗೆ, ₹40,000 ಅಡ್ವಾನ್ಸು. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು. ಅದು ಮುಗಿದ ಮೇಲೆ ಯಾರೂ ಹೊಸದು ಬರೆಸಲಿಲ್ಲ. ಬಾಡಿಗೆ ಕೊಡುತ್ತಾ ಇದ್ದರು, ತೆಗೆದುಕೊಳ್ಳುತ್ತಾ ಇದ್ದರು. ತಂಗಿಯ ಗಂಡ ಆಟೋ ಓಡಿಸುವವರು. ಅವರ ಕಾಲು ಮುರಿದು ಮನೆಯಲ್ಲಿ ಕೂತ ಮೇಲೆ ಐದು ತಿಂಗಳ ಬಾಡಿಗೆ ನಿಂತಿತು. ಅಷ್ಟರಲ್ಲಿ ಅಕ್ಕನ ಮಗಳು ಬಾಣಂತನಕ್ಕೆ ತವರಿಗೆ ಬರುವುದಿತ್ತು. ಅಕ್ಕನಿಗೆ ಮನೆ ನಿಜವಾಗಿಯೂ ಬೇಕಿತ್ತು. ನಾಲ್ಕು ಸಲ ಬಾಯಲ್ಲಿ ಹೇಳಿದರು. "ಎಲ್ಲಿಗೆ ಹೋಗಲಿ ಅಕ್ಕ, ಅಡ್ವಾನ್ಸಲ್ಲಿ ಹಿಡ್ಕೊಳ್ಳಿ" ಎಂದಳು ತಂಗಿ. "ಅಡ್ವಾನ್ಸು ಇರೋದು ಮನೆ ಬಿಡುವಾಗ ಲೆಕ್ಕ ನೋಡೋಕೆ, ಬಾಡಿಗೆಗಲ್ಲ" ಎಂದರು ಅಕ್ಕ.

ಒಂದು ಶನಿವಾರ ಅಕ್ಕ ಮೇಲಿನ ಮನೆಗೆ ಹೋಗುವ ನೀರಿನ ವಾಲ್ವ್ ತಿರುಗಿಸಿದರು. ನಾಲ್ಕು ದಿನ ತಂಗಿ ಬೀದಿ ನಲ್ಲಿಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತಿದಳು. ಐದನೆಯ ದಿನ ಮಕ್ಕಳು ಶಾಲೆಗೆ, ತಂಗಿ ಕೆಲಸಕ್ಕೆ, ಗಂಡ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಅವರ ಬೀಗದ ಮೇಲೆ ಅಕ್ಕ ತಮ್ಮದೊಂದು ಬೀಗ ಹಾಕಿದರು. ಸಂಜೆ ಮಕ್ಕಳು ಯೂನಿಫಾರ್ಮಿನಲ್ಲೇ ಮೆಟ್ಟಿಲ ಮೇಲೆ ಕೂತಿದ್ದವು. ಒಳಗೆ ಬೆಳಿಗ್ಗೆ ಮಾಡಿಟ್ಟ ಅನ್ನ, ಅತ್ತೆಯ ಬಿಪಿ ಮಾತ್ರೆ, ರೇಷನ್ ಕಾರ್ಡು.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕು. ವಾಲ್ವ್ ತಿರುಗಿಸಿದ ಸುದ್ದಿ ನಮಗೆ ಎರಡನೆಯ ದಿನವೇ ತಿಳಿದಿತ್ತು. ಅಕ್ಕನ ಕಷ್ಟ ನೋಡಿ, ಐದು ತಿಂಗಳು ಬಾಡಿಗೆ ಕೊಡದವರಿಗೆ ಸ್ವಲ್ಪ ಬಿಸಿ ಮುಟ್ಟಲಿ ಎಂದು ಸುಮ್ಮನಿದ್ದೆವು. ಬಿಸಿ ಮುಟ್ಟಿದ್ದು ಅಕ್ಕನಿಗೆ.

ಅವತ್ತು ರಾತ್ರಿ ತಂಗಿ ಪೊಲೀಸ್ ಠಾಣೆಗೆ ಹೋದಳು. ಪೊಲೀಸರು ಅಕ್ಕನನ್ನು ಕರೆಸಿ, ಮೊದಲು ಬೀಗ ತೆಗೆಯಿರಿ, ಆಮೇಲೆ ಮಾತು ಎಂದರು. ಅಕ್ಕನಿಗೆ ಬಹಳ ಅವಮಾನವಾಯಿತು. "ನನ್ನ ಮನೆ ಸಿಸ್ಟರ್, ನಾನು ಕಟ್ಟಿಸಿದ ಮನೆ. ನನ್ನ ಬೀಗ ಹಾಕೋಕೆ ನನಗೆ ಹಕ್ಕಿಲ್ವಾ?" ಎಂದು ಅತ್ತರು.

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಇವತ್ತು ನಿಂತಿದ್ದೇವೆ. ಮನೆ ಅಕ್ಕನದೇ, ಅನುಮಾನವಿಲ್ಲ. ಆದರೆ ಬಾಡಿಗೆಗೆ ಕೊಟ್ಟ ದಿನ ಅವರು ಮನೆಯ ಒಡೆತನ ತಮ್ಮಲ್ಲಿಟ್ಟುಕೊಂಡು, ಅದರ ಸ್ವಾಧೀನವನ್ನು, ಅಂದರೆ ಒಳಗೆ ಇದ್ದು ಬಾಳುವ ಹಕ್ಕನ್ನು, ತಂಗಿಗೆ ಕೊಟ್ಟರು. ಒಡೆತನ ಬೇರೆ, ಸ್ವಾಧೀನ ಬೇರೆ. ಕೊಟ್ಟ ಸ್ವಾಧೀನವನ್ನು ವಾಪಸು ಪಡೆಯಬೇಕಾದರೆ ಒಂದೋ ಆಕೆ ತಾನಾಗಿ ಬಿಟ್ಟುಕೊಡಬೇಕು, ಇಲ್ಲವೇ ನ್ಯಾಯಾಲಯ ಬಿಡಿಸಿಕೊಡಬೇಕು. ಮೂರನೆಯ ದಾರಿ ಇಲ್ಲ. ಬಾಡಿಗೆ ಬಾಕಿ ಇದ್ದರೂ ಇಲ್ಲ, ಕರಾರಿನ ಅವಧಿ ಮುಗಿದಿದ್ದರೂ ಇಲ್ಲ. 1989ರಲ್ಲಿ ಸುಪ್ರೀಂ ಕೋರ್ಟು ಬೊಂಬಾಯಿಯ ಒಂದು ಹೋಟೆಲಿನ ವ್ಯಾಜ್ಯದಲ್ಲಿ ಇದನ್ನೇ ಹೇಳಿತು. ನೆಲೆಯಾಗಿ ಸ್ವಾಧೀನದಲ್ಲಿ ಇರುವವನಿಗೆ ಅಲ್ಲಿ ಮುಂದುವರಿಯುವ ಹಕ್ಕು ಇಲ್ಲದೇ ಹೋದರೂ, ಕಾನೂನಿನ ಮೂಲಕವಲ್ಲದೆ ಅವನನ್ನು ಹೊರಹಾಕುವಂತಿಲ್ಲ ಎಂದು.

ಹಾಗಾದರೆ ಅಕ್ಕ ಏನು ಮಾಡಬಹುದಿತ್ತು? ಮೊದಲು ತಿಳಿಯಬೇಕಾದದ್ದು, ಅವರ ಮನೆಗೆ ಯಾವ ಕಾನೂನು ಅನ್ವಯ ಎಂಬುದು. ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಎಂದು ಒಂದು ಇದೆ. ಅದು ಜಾರಿಗೆ ಬಂದದ್ದು 2001ರ ಕೊನೆಯಲ್ಲಿ. ಅದು ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಅಧಿನಿಯಮದ ಪಟ್ಟಿಯಲ್ಲಿ ಮೊದಲ ಭಾಗಕ್ಕೆ ಸೇರಿಸಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ ₹3,500, ಉಳಿದ ಪಟ್ಟಣಗಳಲ್ಲಿ ₹2,000, ಇದಕ್ಕಿಂತ ಹೆಚ್ಚು ಬಾಡಿಗೆಯ ವಾಸದ ಮನೆ ಅದರ ಹೊರಗೆ. ಆ ಕಾಲದಲ್ಲಿ ಅದು ದೊಡ್ಡ ಬಾಡಿಗೆ. ಈಗ ಆ ಮಿತಿಯ ಒಳಗೆ ಬರುವುದು ವಠಾರದ ಒಂದು ಕೋಣೆ, ಹಳೆಯ ಹೆಂಚಿನ ಮನೆ, ಇಂಥವು. ಅಕ್ಕನ ಮನೆ ಹೊರಗೆ. ಹೊರಗೆ ಇದ್ದರೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಹೌದು, ನಮ್ಮ ಮುತ್ತಜ್ಜಿಯ ಕಾಲದ್ದು. ಈಗಲೂ ನಡೆಯುತ್ತದೆ.

ಈ ಹಳೆಯ ಕಾನೂನು ಮಾಲೀಕರಿಗೆ ಒಂದು ರೀತಿಯಲ್ಲಿ ಸುಲಭ. ಹನ್ನೊಂದು ತಿಂಗಳ ಕರಾರು ಮುಗಿದು, ಬಾಡಿಗೆ ಪಡೆಯುತ್ತಾ ಹೋಗಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅದನ್ನು ಮುಗಿಸಲು ಹದಿನೈದು ದಿನಗಳ ನೋಟಿಸು ಸಾಕು. ಕಾರಣ ಹೇಳಲೇಬೇಕೆಂದೂ ಇಲ್ಲ. ಅಕ್ಕನಿಗೆ ಬಾಣಂತನದ ಕಾರಣವೂ ಬೇಕಿರಲಿಲ್ಲ, ಬಾಕಿಯ ಕಾರಣವೂ ಬೇಕಿರಲಿಲ್ಲ. ಕರಾರಿನ ಅವಧಿ ಇನ್ನೂ ನಡೆಯುತ್ತಿದ್ದರೆ ಮಾತ್ರ ಮಾತು ಬೇರೆ. ಆಗ ಕರಾರಿನಲ್ಲಿ ಬರೆದ ಷರತ್ತನ್ನು ಬಾಡಿಗೆದಾರ ಮುರಿದಿರಬೇಕು, ಮುರಿದರೆ ಮನೆ ಬಿಡಬೇಕು ಎಂದು ಅದರಲ್ಲೇ ಬರೆದಿರಬೇಕು. ಬಾಡಿಗೆ ಕೊಡದ ಕಾರಣಕ್ಕೆ ಹೀಗೆ ಮಧ್ಯದಲ್ಲೇ ಬಿಡಿಸಲು ಹೊರಟರೆ, ಆತ ಕೋರ್ಟಿನಲ್ಲಿ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿದಾಗ ನ್ಯಾಯಾಧೀಶರು ಅವನನ್ನು ಉಳಿಸಲೂಬಹುದು.

ನೋಟಿಸು ಎಂದರೆ ಬಾಯಿಮಾತಲ್ಲ. ಬರಹದಲ್ಲಿರಬೇಕು, ಮಾಲೀಕರ ಸಹಿ ಇರಬೇಕು. ಯಾವ ಮನೆ, ಯಾರಿಗೆ ಕೊಟ್ಟದ್ದು, ಈ ನೋಟಿಸು ತಲುಪಿದ ಹದಿನೈದು ದಿನಕ್ಕೆ ಬಾಡಿಗೆ ಸಂಬಂಧ ಮುಗಿಯುತ್ತದೆ, ಮನೆ ಖಾಲಿ ಮಾಡಿ ಕೊಡಿ ಎಂದು ಸ್ಪಷ್ಟವಾಗಿ ಬರೆಯಬೇಕು. ಅಂಚೆ ಕಚೇರಿಯಲ್ಲಿ ತಲುಪಿದ ದಾಖಲೆ ಸಿಗುವ ಹಾಗೆ ಕಳಿಸಿ, ಆ ಚೀಟಿಯನ್ನೂ ನೋಟಿಸಿನ ಪ್ರತಿಯನ್ನೂ ಜೋಪಾನವಾಗಿಡಿ. ಕೈಯಲ್ಲಿ ಕೊಟ್ಟರೆ ಸಹಿ ಹಾಕಿಸಿಕೊಳ್ಳಿ. ಕೊಡಲು ಸಾಧ್ಯವೇ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಲು ಕಾನೂನು ಅವಕಾಶ ಕೊಡುತ್ತದೆ. ಫೋಟೋ ತೆಗೆದಿಡಿ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ನೋಟಿಸಿನ ದಿನ ಮುಗಿದ ಮೇಲೆ ಬಾಡಿಗೆದಾರ ಬಂದು "ಈ ತಿಂಗಳಿನ ಬಾಡಿಗೆ ತಗೊಳ್ಳಿ" ಎಂದು ಕೊಡುತ್ತಾನೆ. ದುಡ್ಡು ಬಂತಲ್ಲ ಎಂದು ನಾವು ಇಸ್ಕೊಂಡು ರಸೀದಿ ಕೊಡುತ್ತೇವೆ. ಹಾಗೆ ಮಾಡಿದರೆ ಕೊಟ್ಟ ನೋಟಿಸನ್ನು ನಾವೇ ಬಿಟ್ಟುಕೊಟ್ಟಂತೆ ಆಗಬಹುದು. ಹಳೆಯ ಬಾಕಿ ತೆಗೆದುಕೊಳ್ಳಿ. ನೋಟಿಸಿನ ನಂತರದ ಹಣ ಬಂದರೆ ವಕೀಲರನ್ನು ಕೇಳದೆ ಬಾಡಿಗೆ ಎಂದು ರಸೀದಿ ಬರೆಯಬೇಡಿ.

ಹದಿನೈದು ದಿನ ಮುಗಿದರೂ ಬಿಡಲಿಲ್ಲ ಅನ್ನಿ. ಆಗಲೂ ಬೀಗ ಹಾಕುವಂತಿಲ್ಲ. ನೋಟಿಸು ಕೋರ್ಟಿನ ಬಾಗಿಲವರೆಗೆ ಕರೆದೊಯ್ಯುವ ಕಾಗದ ಅಷ್ಟೇ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ಡಿಕ್ರಿ ಆದ ಮೇಲೂ ಬಿಡದಿದ್ದರೆ ಅದನ್ನು ಜಾರಿ ಮಾಡಿಸಲು ಅರ್ಜಿ ಹಾಕಬೇಕು. ಆಗ ಕೋರ್ಟಿನ ಅಮೀನರು ಬಂದು, ಬೇಕಾದರೆ ಪೊಲೀಸರನ್ನು ಜೊತೆಗಿಟ್ಟುಕೊಂಡು, ಮನೆ ಬಿಡಿಸಿಕೊಡುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಜನ ಬೀಗಕ್ಕೆ ಕೈ ಹಾಕುವುದು ಅದಕ್ಕೇ. ಅದಕ್ಕೇ ನೋಟಿಸಿನ ಜೊತೆಗೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಎಂದು ನಾವು ಹೇಳುವುದು. ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ಸಹಾಯ ಉಚಿತ. ಮಾಲೀಕಳಿಗೂ ಉಚಿತ, ಬಾಡಿಗೆಯವಳಿಗೂ ಉಚಿತ. 15100 ಎಂಬ ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ದಾವೆ ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿ ಬರೆದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲವೇ ಇರುತ್ತದೆ.

ಇನ್ನು ಬಾಡಿಗೆ ಅಧಿನಿಯಮದ ಒಳಗೆ ಬರುವ ಸಣ್ಣ ಬಾಡಿಗೆಯ ಮನೆಗಳ ಮಾತು. ಅಲ್ಲಿ ಕಾರಣವಿಲ್ಲದೆ ಬಿಡಿಸಲಾಗದು. ಕಾನೂನು ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ಕೋರ್ಟಿನಲ್ಲಿ ತೋರಿಸಬೇಕು. ನಾವು ಹೆಚ್ಚಾಗಿ ಕಾಣುವುದು ಮೂರು ನಾಲ್ಕು. ಬಾಕಿ ಕೊಡಿ ಎಂದು ನೋಟಿಸು ತಲುಪಿದ ಎರಡು ತಿಂಗಳೊಳಗೆ ಪೂರ್ತಿ ಬಾಕಿ ಕೊಡದೇ ಇರುವುದು. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡುವುದು. ವಾಸಕ್ಕೆ ಪಡೆದ ಮನೆಯನ್ನು ಬೇರೆ ಕೆಲಸಕ್ಕೆ ಬಳಸುವುದು. ಮಾಲೀಕರಿಗೆ ಅಥವಾ ಅವರ ಮನೆಯವರಿಗೆ ವಾಸಕ್ಕೆ ನಿಜವಾಗಿ ಬೇಕಾಗಿದ್ದು, ಬೇರೆ ತಕ್ಕ ಮನೆ ಇಲ್ಲದಿರುವುದು. ವಿಧವೆಯರಿಗೆ, ಅಂಗವಿಕಲರಿಗೆ, 65 ವರ್ಷ ತುಂಬಿದವರಿಗೆ ತಮ್ಮ ಮನೆ ತಮಗೇ ಬೇಕಾದಾಗ ಬೇಗ ಪಡೆಯಲು ಆ ಅಧಿನಿಯಮದಲ್ಲಿ ಪ್ರತ್ಯೇಕ ಅವಕಾಶವೇ ಇದೆ. ನಮ್ಮ ಸಂಘಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಎರಡು ತಿಂಗಳ ಮಾತನ್ನು ಬಾಡಿಗೆಯವರು ಚೆನ್ನಾಗಿ ನೆನಪಿಡಿ. ಅಷ್ಟರೊಳಗೆ ಬಾಕಿ ಕಟ್ಟಿದರೆ ಆ ಕಾರಣಕ್ಕೆ ನಿಮ್ಮನ್ನು ಬಿಡಿಸಲಾಗದು.

ಈಗ ನೀರಿನ ವಿಷಯಕ್ಕೆ ಬರೋಣ. "ನೀರಿನ ಕನೆಕ್ಷನ್ ನನ್ನ ಹೆಸರಲ್ಲಿದೆ, ಮೋಟಾರಿನ ಕರೆಂಟು ಬಿಲ್ಲು ನಾನು ಕಟ್ತೀನಿ, ನಿಲ್ಲಿಸಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಬಾಡಿಗೆಗೆ ಕೊಡುವಾಗ ನೀರು, ದೀಪ, ಕಕ್ಕಸು, ಮೆಟ್ಟಿಲು ಎಲ್ಲವನ್ನೂ ಸೇರಿಸಿಯೇ ಮನೆ ಎಂದು ಕೊಟ್ಟದ್ದು. ಬಾಡಿಗೆದಾರ ನೆಮ್ಮದಿಯಿಂದ ಇರಲು ಬಿಡುವುದು ಮಾಲೀಕರ ಹೊಣೆ ಎಂದು 1882ರ ಕಾನೂನೇ ಹೇಳುತ್ತದೆ. ಅಗತ್ಯ ಸೌಕರ್ಯಗಳನ್ನು ನ್ಯಾಯವಾದ ಕಾರಣವಿಲ್ಲದೆ ಕಡಿಯಬಾರದು ಎಂಬುದು ಬಾಡಿಗೆ ಅಧಿನಿಯಮದ ನಿಯಮ. ಕರೆಂಟಿನ ಬಗ್ಗೆ 2022ರಲ್ಲಿ ಸುಪ್ರೀಂ ಕೋರ್ಟು ಇನ್ನೂ ನೇರವಾಗಿ ಹೇಳಿದೆ. ವಿದ್ಯುತ್ತು ಮೂಲಭೂತ ಸೌಕರ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು. ಪೈಪು ಕಿತ್ತು ಅಥವಾ ಒಡೆದು ಕುಡಿಯುವ ನೀರು ಬಾರದಂತೆ ಹಾನಿ ಮಾಡಿದರೆ ಅದು ಅಪರಾಧ. 2024ರ ಜುಲೈನಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಹಕ್ಕಿನಿಂದ ಹೋಗುವ ಜಾಗಕ್ಕೆ ಹೋಗದಂತೆ ಒಬ್ಬರನ್ನು ತಡೆಯುವುದಕ್ಕೂ ಅದರಲ್ಲಿ ಶಿಕ್ಷೆ ಇದೆ. ಒಳಗೆ ಜನ ಇರುವಾಗ ಹೊರಗಿನಿಂದ ಬೀಗ ಹಾಕಿದರಂತೂ ಅದು ಕೂಡಿಹಾಕಿದ ಅಪರಾಧ. ಬಾಕಿಗೆ ಬದಲು ಟಿವಿ, ಪಾತ್ರೆ, ಗ್ಯಾಸ್ ಸಿಲಿಂಡರ್ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ.

ನೀರು ನಿಂತ ಕೂಡಲೇ ಮಾಲೀಕರೇ ನಿಲ್ಲಿಸಿದರು ಎಂದು ಬಾಡಿಗೆಯವರು ಕೂಗಬಾರದು. ಟ್ಯಾಂಕು ತೊಳೆಯಲು, ಪೈಪು ರಿಪೇರಿಗೆ ಅರ್ಧ ದಿನ ನಿಲ್ಲಿಸಿದರೆ ಅದು ತಪ್ಪಲ್ಲ. ನೋಡಬೇಕಾದದ್ದು ಇಷ್ಟು. ಕೆಳಗಿನ ಮನೆಯಲ್ಲಿ ನೀರು ಬರುತ್ತಿದೆಯೇ? ಅಕ್ಕಪಕ್ಕದ ಮನೆಯಲ್ಲಿ? ಎಲ್ಲರಿಗೂ ಬಂದು ನಿಮ್ಮ ನಲ್ಲಿ ಮಾತ್ರ ಒಣಗಿದ್ದರೆ ವಾಲ್ವ್ ನೋಡಿ. ದಿನಾಂಕ ಗೊತ್ತಾಗುವ ಹಾಗೆ ಫೋನಿನಲ್ಲಿ ಫೋಟೋ ತೆಗೆಯಿರಿ. ಪಕ್ಕದ ಮನೆಯವರೊಬ್ಬರನ್ನು ಕರೆದು ತೋರಿಸಿ. ನೀರು ಬಿಡಿ ಎಂದು ಮಾಲೀಕರಿಗೆ ಒಂದು ಸಂದೇಶ ಕಳಿಸಿ. ಅವರು ಏನು ಉತ್ತರ ಕೊಟ್ಟರು, ಉತ್ತರವೇ ಕೊಡಲಿಲ್ಲವೇ ಎಂಬುದೂ ಮುಂದೆ ಸಾಕ್ಷಿಯಾಗುತ್ತದೆ. ನೀವೇ ವಾಲ್ವ್ ಒಡೆಯಲು ಹೋಗಬೇಡಿ.

ಬೀಗ ಬಿದ್ದಿದ್ದರೆ ಅವತ್ತೇ ಠಾಣೆಗೆ ಹೋಗಿ. "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎಂದು ಹೇಳಿ ಕಳಿಸುವುದುಂಟು. ಬಾಡಿಗೆ ಬಾಕಿ ಸಿವಿಲ್ ವಿಷಯ, ನಿಜ. ಅದಕ್ಕಾಗಿ ಪೊಲೀಸರು ಯಾರನ್ನೂ ಮನೆಯಿಂದ ಹೊರಗೆ ಹಾಕುವಂತಿಲ್ಲ. ಆದರೆ ಬೀಗ ಹಾಕಿ ತಡೆದದ್ದು ಬೇರೆ ವಿಷಯ. ದೂರನ್ನು ಬರೆದು ಕೊಟ್ಟು, ಪಡೆದುಕೊಂಡದ್ದಕ್ಕೆ ಚೀಟಿ ಕೇಳಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಇದರ ಜೊತೆಗೆ ಸಿವಿಲ್ ಕೋರ್ಟಿನ ದಾರಿಯೂ ಇದೆ. ಕಾನೂನು ಬಿಟ್ಟು ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹಾಕಿದರೆ, ಮನೆ ಯಾರದು ಎಂಬ ಚರ್ಚೆಗೆ ಹೋಗದೆಯೇ ಕೋರ್ಟು ಅವರನ್ನು ಮತ್ತೆ ಒಳಗೆ ಕೂರಿಸಬಹುದು. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದಲ್ಲಿ ಇದು ಇದೆ. ಆರು ತಿಂಗಳು ದಾಟಿದರೆ ಈ ಸುಲಭದ ದಾರಿ ಮುಚ್ಚಿತು.

ತಂಗಿಯೂ ಪೂರ್ತಿ ಸರಿಯಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಹೇಳಲು ಆಕೆಗೆ ಹಕ್ಕಿರಲಿಲ್ಲ, ಕರಾರಿನಲ್ಲಿ ಹಾಗೆ ಬರೆದಿರಲಿಲ್ಲ. ಗಂಡನ ಕಾಲು ಮುರಿದಾಗಲೇ ಬಂದು, ಇಂತಿಷ್ಟು ದಿನ ಕೊಡಿ ಎಂದು ಬರೆದು ಕೊಟ್ಟಿದ್ದರೆ ಅಕ್ಕನ ಮನಸ್ಸು ಅಷ್ಟು ಕೆಡುತ್ತಿರಲಿಲ್ಲ. ಆದರೆ ಅಕ್ಕನೂ ಒಂದು ಲೆಕ್ಕ ನೋಡಿರಲಿಲ್ಲ. ಐದು ತಿಂಗಳ ಬಾಕಿ ₹22,500. ಅವರ ಕೈಯಲ್ಲಿದ್ದ ಅಡ್ವಾನ್ಸು ₹40,000. ಬೀಗ ಹಾಕಿದ ದಿನ ಅಕ್ಕನಿಗೆ ಒಂದು ರೂಪಾಯಿಯೂ ನಷ್ಟವಾಗಿರಲಿಲ್ಲ. ಇನ್ನೂ ₹17,500 ಅವರೇ ವಾಪಸು ಕೊಡಬೇಕಿತ್ತು.

ಮುಂದೆ ಆದದ್ದು ಹೀಗೆ. ಬೀಗ ತೆಗೆಸಿದ ವಾರದಲ್ಲೇ ತಂಗಿ ಕಾನೂನು ಸೇವಾ ಸಮಿತಿಯ ವಕೀಲರ ಮೂಲಕ ಕೋರ್ಟಿನಿಂದ ತಡೆಯಾಜ್ಞೆ ತಂದಳು. ನೀರು ನಿಲ್ಲಿಸಬಾರದು, ಕಾನೂನು ಬಿಟ್ಟು ಹೊರಹಾಕಬಾರದು ಎಂದು. ಅಕ್ಕ ಖಾಸಗಿ ವಕೀಲರಿಗೆ ದುಡ್ಡು ಕೊಟ್ಟರು. ಮೊದಲ ಕೆಲವು ತಿಂಗಳು ಬಾಡಿಗೆ ಬಾಕಿಯ ಮಾತೇ ಬರಲಿಲ್ಲ, ಬೀಗದ ಮಾತೇ ಎಲ್ಲಾ. ಮಗಳ ಬಾಣಂತನ ಚಿಕ್ಕಮ್ಮನ ಮನೆಯಲ್ಲಿ ಆಯಿತು. ಕೊನೆಗೆ ನಾವು ಇಬ್ಬರನ್ನೂ ಕೂರಿಸಿ ಲೋಕ ಅದಾಲತ್ತಿಗೆ ಒಪ್ಪಿಸಿದೆವು. ತಂಗಿ ಮೂರು ತಿಂಗಳೊಳಗೆ ಮನೆ ಬಿಡುವುದು, ಆ ಮೂರು ತಿಂಗಳು ಬಾಡಿಗೆ ತಪ್ಪದೆ ಕೊಡುವುದು, ಹಳೆಯ ಐದು ತಿಂಗಳ ಬಾಕಿ ಅಡ್ವಾನ್ಸಿನಲ್ಲಿ ಕಳೆಯುವುದು, ಉಳಿದ ₹17,500ನ್ನು ಬೀಗದಕೈ ಒಪ್ಪಿಸಿದ ದಿನವೇ ಅಕ್ಕ ಕೊಡುವುದು. ಇಬ್ಬರೂ ಸಹಿ ಹಾಕಿದರು.

ತಂಗಿ ಮಾತಿನ ಪ್ರಕಾರ ಬಿಟ್ಟಳು. ಅಕ್ಕ ನೋಟುಗಳನ್ನು ಎಣಿಸಿ ಕೊಡುವಾಗ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಹೊಸ ಬಾಡಿಗೆದಾರರಿಗೆ ಕರಾರು ಬರೆಸುವ ಮೊದಲು ನಮ್ಮ ಕಚೇರಿಗೆ ಬಂದರು. ಆ ಕಾಗದದಲ್ಲಿ ಅವರು ಬರೆಸಿದ್ದನ್ನೇ ನೀವೂ ಬರೆಸಿ. ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಎಷ್ಟು ತಿಂಗಳು ತಪ್ಪಿದರೆ ಕರಾರು ಮುಗಿಯುತ್ತದೆ, ಬಿಡಲು ಎಷ್ಟು ದಿನದ ನೋಟಿಸು, ಬಾಕಿಯನ್ನು ಅಡ್ವಾನ್ಸಿನಲ್ಲಿ ಕಳೆಯಬಹುದೇ ಇಲ್ಲವೇ, ಉಳಿದ ಅಡ್ವಾನ್ಸು ಯಾವ ದಿನ ವಾಪಸು, ನೀರು ಮತ್ತು ಮೋಟಾರಿನ ಬಿಲ್ಲಿನಲ್ಲಿ ಯಾರ ಪಾಲು ಎಷ್ಟು. ಎರಡು ಪ್ರತಿ ಮಾಡಿಸಿ, ಒಂದು ನಿಮಗೆ, ಒಂದು ಅವರಿಗೆ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೋ ಫೋನಿನಲ್ಲೋ ಕೊಡಿ, ಕೈಯಲ್ಲಿ ಕೊಟ್ಟರೆ ರಸೀದಿ ಕೇಳಿ. ನಿಮ್ಮ ಮನೆಯ ಹಳೆಯ ಕರಾರು ಇದ್ದರೆ ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ಕೂತು ಓದೋಣ.